ಈ ನಂಬರ್ ಯಾವ ದೇಶದ್ದು? ಎಡಗಡೆಯಿಂದ ಓದುವ ಲೆಕ್ಕ

ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಕುಂದಾಪುರದ ಹತ್ತಿರದ ಊರು. ಬ್ಯಾಚಿನ ಅರ್ಧ ಜನ ಬೆಂಗಳೂರು, ಮುಂಬೈಯಲ್ಲಿದ್ದಾರೆ. ಉಳಿದವರು ದುಬೈ, ದೋಹಾ, ಮಸ್ಕತ್ ಅಂತ ಹಂಚಿಹೋಗಿದ್ದಾರೆ. ಒಬ್ಬ ಸಿಂಗಾಪುರದಲ್ಲಿ, ಒಬ್ಬಳು ಆಕ್ಲೆಂಡಿನಲ್ಲಿ. ಎಕ್ಸೆಲ್ ಶೀಟಿನಲ್ಲಿ ಇನ್ನೂರಕ್ಕೂ ಜಾಸ್ತಿ ನಂಬರ್‌ಗಳಿದ್ದವು. ಯಾರಿಗೆ ಯಾವ ಹೊತ್ತಿಗೆ ಫೋನ್ ಮಾಡಬಹುದು ಅಂತ ಗೊತ್ತಾಗಬೇಕಿತ್ತು. ಅದಕ್ಕೆ ಪ್ರತಿ ನಂಬರಿನ ಪಕ್ಕದಲ್ಲಿ ದೇಶದ ಹೆಸರು ಬೇಕಿತ್ತು.

ಇದರಲ್ಲೇನು ಕಷ್ಟ ಅಂದುಕೊಂಡೆ. ಮೊಬೈಲ್ ನಂಬರ್ ಅಂದರೆ ಹತ್ತು ಅಂಕಿ ಅಲ್ವಾ? ಕೊನೆಯ ಹತ್ತು ಅಂಕಿ ಬಿಟ್ಟರೆ ಮುಂದೆ ಉಳಿಯುವುದೇ ದೇಶದ ಕೋಡ್. ಹಾಗಂತ ಈ ಫಾರ್ಮುಲಾ ಹಾಕಿದೆ:

```
=LEFT(A2,LEN(A2)-10)
```

ಮೊದಲ ಇಪ್ಪತ್ತು ಸಾಲು ಚೆನ್ನಾಗಿಯೇ ಬಂತು. ಭಾರತದ ನಂಬರಿಗೆ 91, ಅಮೆರಿಕದ್ದಕ್ಕೆ 1, ಇಂಗ್ಲೆಂಡಿನದಕ್ಕೆ 44. ಆಮೇಲೆ ದೋಹಾದ ಗೆಳೆಯನ ಸಾಲು ಬಂತು. ದೇಶದ ಕೋಡ್ ಜಾಗದಲ್ಲಿ ಬರೀ 9 ಅಂತ ಕೂತಿತ್ತು. ದುಬೈಯವರದ್ದು 97. ಮಸ್ಕತ್ತಿನವನದ್ದೂ 9. ಸಿಂಗಾಪುರದವನ ಸೆಲ್ ಖಾಲಿ. ಖಾಲಿ ಇದ್ದರೆ ಭಾರತ ಅಂತ ನಾನೇ ಇನ್ನೊಂದು ಕಾಲಂನಲ್ಲಿ ಬರೆದಿಟ್ಟಿದ್ದೆ. ಹಾಗಾಗಿ ಅವನು ಒಂದು ಮಾತೂ ಆಡದೆ ಭಾರತಕ್ಕೆ ವಾಪಸ್ ಬಂದುಬಿಟ್ಟಿದ್ದ.

ತಪ್ಪು ಎಲ್ಲಿತ್ತು ಅಂದರೆ, ಹತ್ತು ಅಂಕಿ ಅನ್ನುವುದು ನಮ್ಮ ಅಭ್ಯಾಸ, ಪ್ರಪಂಚದ ನಿಯಮ ಅಲ್ಲ. ಕತಾರಿನಲ್ಲಿ ದೇಶದ ಕೋಡ್ ಬಿಟ್ಟರೆ ಎಂಟೇ ಅಂಕಿ. ಒಮಾನ್, ಕುವೈತ್, ಬಹ್ರೇನ್, ಸಿಂಗಾಪುರದಲ್ಲೂ ಎಂಟು. ಯುಎಇ, ಸೌದಿ, ಶ್ರೀಲಂಕಾದ ಮೊಬೈಲ್‌ಗಳಿಗೆ ಒಂಬತ್ತು. ನ್ಯೂಜಿಲೆಂಡಿನದು ಇನ್ನೂ ಮಜಾ. ಅಲ್ಲಿನ 021 ಸರಣಿಯಲ್ಲಿ ಕೆಲವರಿಗೆ 021ರ ನಂತರ ಆರು ಅಂಕಿ, ಕೆಲವರಿಗೆ ಏಳು, ಕೆಲವರಿಗೆ ಎಂಟು. ಒಂದೇ ದೇಶ, ಒಂದೇ ಸರಣಿ, ಮೂರು ಉದ್ದ. ಜರ್ಮನಿಯಲ್ಲೂ ಮೊಬೈಲ್ ನಂಬರ್‌ಗಳು ಒಂದೇ ಉದ್ದ ಇರುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ E.164 ಅನ್ನುವ ನಿಯಮ ಹೇಳುವುದು ಇಷ್ಟೇ: ದೇಶದ ಕೋಡ್ ಒಂದರಿಂದ ಮೂರು ಅಂಕಿ, ಎಲ್ಲ ಸೇರಿ ಹದಿನೈದು ಅಂಕಿ ಮೀರಬಾರದು. ಒಳಗಿನ ಉದ್ದ ಆಯಾ ದೇಶದ ಇಷ್ಟ.

ಬಲಗಡೆಯಿಂದ ಎಣಿಸಿದರೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಎಡಗಡೆಯಿಂದ ಓದಿದರೆ ಗೊತ್ತಾಗುತ್ತದೆ. ಯಾಕೆ ಅನ್ನುವುದೇ ಇಡೀ ವಿಷಯದ ತಿರುಳು.

ಕೋಡ್ ತಾನೇ ಎಲ್ಲಿ ಮುಗಿಯುತ್ತೆ ಅಂತ ಹೇಳುತ್ತದೆ

ಈ ಕೋಡ್‌ಗಳು ಹುಟ್ಟಿದ್ದು 1960ರ ದಶಕದಲ್ಲಿ. ಡಯಲ್ ತಿರುಗಿಸುವ ಫೋನುಗಳ ಕಾಲ. ನೀವು ಒಂದೊಂದೇ ಅಂಕಿ ತಿರುಗಿಸಿದಂತೆ ಅದು ಎಕ್ಸ್‌ಚೇಂಜಿಗೆ ಹೋಗುತ್ತಿತ್ತು. ಇನ್ನೆಷ್ಟು ಅಂಕಿ ಬರಲಿದೆ ಅಂತ ಎಕ್ಸ್‌ಚೇಂಜಿಗೆ ಗೊತ್ತಿಲ್ಲ. ಅಷ್ಟರಲ್ಲೇ ಕರೆ ಯಾವ ದೇಶದ ಕಡೆ ಹೋಗಬೇಕು ಅಂತ ಅದು ತೀರ್ಮಾನ ಮಾಡಬೇಕು. ಹಾಗಾಗಿ ಕೋಡ್‌ಗಳನ್ನು ಒಂದು ಕಟ್ಟುನಿಟ್ಟಿನ ನಿಯಮದ ಮೇಲೆ ಹಂಚಿದರು: ಒಂದು ಕೋಡ್ ಇನ್ನೊಂದು ಕೋಡಿನ ಆರಂಭ ಆಗಬಾರದು.

ಭಾರತದ್ದು 91. ಆದ್ದರಿಂದ 910ರಿಂದ 919ರವರೆಗೆ ಯಾವ ದೇಶಕ್ಕೂ ಕೋಡ್ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ. ನಾವು ಎರಡೇ ಅಂಕಿ ತೆಗೆದುಕೊಂಡು ಹತ್ತು ದೇಶಗಳ ಜಾಗ ಹಿಡಿದು ಕೂತಿದ್ದೇವೆ ಅನ್ನಬಹುದು. ಕತಾರಿನದು 974. ಆದ್ದರಿಂದ 97 ಅನ್ನುವ ದೇಶ ಇಲ್ಲ, 9 ಅನ್ನುವ ದೇಶವೂ ಇಲ್ಲ.

ಹಾಗಾದರೆ +974 55xx xxxx ಅನ್ನುವುದನ್ನು ಓದುವುದು ಹೀಗೆ. ಮೊದಲ ಅಂಕಿ 9. ಇದು ಹೆಚ್ಚಾಗಿ ಪಶ್ಚಿಮ ಮತ್ತು ದಕ್ಷಿಣ ಏಷ್ಯಾದ ಕಡೆಯದು, ಆದರೆ ದೇಶ ಇನ್ನೂ ಗೊತ್ತಿಲ್ಲ. ಮುಂದಿನದು 7, ಅಂದರೆ 97. ಇದೂ ಯಾರದ್ದೂ ಅಲ್ಲ, ಇನ್ನೊಂದು ಅಂಕಿ ಬೇಕು. ಮುಂದಿನದು 4, ಅಂದರೆ 974. ಕತಾರ್. ಇಲ್ಲಿಗೆ ನಿಲ್ಲಿಸಿ. ಹಿಂದೆ ಎಂಟು ಅಂಕಿ ಇರಲಿ, ಎಂಬತ್ತಿರಲಿ, ತೀರ್ಮಾನ ಬದಲಾಗುವುದಿಲ್ಲ.

ಇದನ್ನು ನೆನಪಿಡಲು ಒಂದು ಚಿಕ್ಕ ಉಪಾಯ ಇದೆ. ಎರಡನೇ ಅಂಕಿ ನೋಡಿದರೆ ಮೂರನೆಯದು ಬೇಕೋ ಬೇಡವೋ ಗೊತ್ತಾಗುತ್ತದೆ. 9ರ ಗುಂಪಿನಲ್ಲಿ 90 ಟರ್ಕಿ, 91 ನಾವು, 92 ಪಾಕಿಸ್ತಾನ, 93 ಅಫ್ಘಾನಿಸ್ತಾನ, 94 ಶ್ರೀಲಂಕಾ, 95 ಮ್ಯಾನ್ಮಾರ್, 98 ಇರಾನ್. ಇವೆಲ್ಲ ಎರಡು ಅಂಕಿಗೇ ಮುಗಿಯುತ್ತವೆ. ಎರಡನೇ ಅಂಕಿ 6, 7 ಅಥವಾ 9 ಆಗಿದ್ದರೆ ಮಾತ್ರ ಮೂರನೆಯದನ್ನು ನೋಡಬೇಕು. ನಮ್ಮ ಕರಾವಳಿಯವರಿಗೆ ಬೇಕಾದ ಕೋಡ್‌ಗಳೆಲ್ಲ ಇಲ್ಲೇ ಇವೆ: 965 ಕುವೈತ್, 966 ಸೌದಿ, 968 ಒಮಾನ್, 971 ಯುಎಇ, 973 ಬಹ್ರೇನ್, 974 ಕತಾರ್. ಶುರುವಿನ ಅಂಕಿ 1 ಅಥವಾ 7 ಆಗಿದ್ದರೆ ಎರಡನೆಯದೂ ಬೇಡ, ಒಂದಕ್ಕೇ ಮುಗಿಯಿತು.

ಈ ನಿಯಮವನ್ನು ಎಷ್ಟು ಜೋಪಾನವಾಗಿ ಕಾಯ್ದುಕೊಂಡಿದ್ದಾರೆ ಅನ್ನುವುದಕ್ಕೆ ಚೆಕೊಸ್ಲೊವಾಕಿಯಾ ಉದಾಹರಣೆ. ಅದರ ಕೋಡ್ 42. 1993ರಲ್ಲಿ ದೇಶ ಎರಡಾಯಿತು. ಒಬ್ಬರಿಗೆ 42 ಉಳಿಸಿ ಇನ್ನೊಬ್ಬರಿಗೆ 421 ಕೊಟ್ಟುಬಿಟ್ಟಿದ್ದರೆ ಗಲಾಟೆ ಆಗುತ್ತಿತ್ತು. 421 ಅಂತ ಬಂದಾಗ ಅದು ಹೊಸ ದೇಶವೋ, ಹಳೆ ದೇಶದ 1ರಿಂದ ಶುರುವಾಗುವ ನಂಬರೋ ಅಂತ ಹೇಳುವುದು ಹೇಗೆ? ಹಾಗಾಗಿ 1997ರಲ್ಲಿ 42 ಅನ್ನುವುದನ್ನೇ ತೆಗೆದು, ಚೆಕ್‌ಗೆ 420, ಸ್ಲೊವಾಕಿಯಾಕ್ಕೆ 421 ಕೊಟ್ಟರು. ಯುಗೊಸ್ಲಾವಿಯಾದ 38 ಹೋಳಾಗಿದ್ದೂ ಹೀಗೆಯೇ: 381 ಸರ್ಬಿಯಾ, 385 ಕ್ರೊಯೇಷಿಯಾ, 386 ಸ್ಲೊವೇನಿಯಾ.

ಒಂದು ಕೋಡ್, ಹಲವು ಮನೆ

ಇಲ್ಲಿಯವರೆಗೆ ಸಲೀಸು. ಆದರೆ ಕೋಡ್ ಗೊತ್ತಾದ ಮಾತ್ರಕ್ಕೆ ದೇಶ ಗೊತ್ತಾಗುತ್ತದೆ ಅಂತಿಲ್ಲ. +1 ಕಂಡ ಕೂಡಲೇ ಅಮೆರಿಕ ಅಂದುಬಿಡುತ್ತೇವೆ. ಅದು ಕೆನಡಾದ್ದೂ ಹೌದು. ಜಮೈಕಾ, ಬಹಾಮಾಸ್, ಬಾರ್ಬಡೋಸ್, ಡೊಮಿನಿಕನ್ ಗಣರಾಜ್ಯ ಎಲ್ಲ ಅದೇ +1ರ ಒಳಗಿವೆ. ಇವು ಬೇರೆಯಾಗುವುದು ಮುಂದಿನ ಮೂರು ಅಂಕಿಯಲ್ಲಿ. 1 876 ಅಂದರೆ ಜಮೈಕಾ, 1 242 ಬಹಾಮಾಸ್, 1 416 ಕೆನಡಾದ ಟೊರಾಂಟೊ. ಹಾಗೆಯೇ +7ರಲ್ಲಿ ರಷ್ಯಾ ಜೊತೆ ಕಜಕಸ್ತಾನವೂ ಇದೆ. 77 ಅಂತ ಶುರುವಾದರೆ ಕಜಕಸ್ತಾನ. ಇಂಗ್ಲೆಂಡಿನ +44ರೊಳಗೆ ಐಲ್ ಆಫ್ ಮ್ಯಾನ್ ದ್ವೀಪ ಅಡಗಿದೆ. ಅಲ್ಲಿನ ಬಹಳಷ್ಟು ಮೊಬೈಲುಗಳು 44 7624ರಿಂದ ಶುರುವಾಗುತ್ತವೆ. ಅದನ್ನು ಗುರುತಿಸಲು ಆರು ಅಂಕಿ ಓದಬೇಕು.

ಈ ಎರಡನೇ ಹಂತದಲ್ಲಿ ಮೊದಲಿನ ನಿಯಮ ಮುರಿದುಬೀಳುತ್ತದೆ. 1 ಅನ್ನುವುದು 1876ರ ಆರಂಭವೂ ಹೌದು. ಹಾಗಾಗಿ ಮೊದಲು ಸಿಕ್ಕಿದ್ದನ್ನೇ ಹಿಡಿದು ನಿಂತರೆ ಜಮೈಕಾದವರೆಲ್ಲ ಅಮೆರಿಕದವರಾಗುತ್ತಾರೆ. ಇದಕ್ಕೆ ಪರಿಹಾರ ಹಳೆಯದು, ಸರಳವಾದದ್ದು: ಪಟ್ಟಿಯಲ್ಲಿ ಹೊಂದುವ ಅತಿ ಉದ್ದದ ಆರಂಭವನ್ನು ತೆಗೆದುಕೊಳ್ಳಿ. ಉದ್ದದ್ದರಿಂದ ಶುರುಮಾಡಿ, ಸಿಗದಿದ್ದರೆ ಒಂದೊಂದೇ ಅಂಕಿ ಕಡಿಮೆ ಮಾಡುತ್ತ ಬನ್ನಿ.

```python
TABLE = {
    "1": "US/CA", "1876": "JM", "1242": "BS",
    "7": "RU", "77": "KZ",
    "44": "GB", "447624": "IM",
    "65": "SG", "91": "IN",
    "971": "AE", "974": "QA",
}

def country(digits):
    for n in range(6, 0, -1):
        if digits[:n] in TABLE:
            return TABLE[digits[:n]]
    return None
```

18765550123 ಕೊಟ್ಟರೆ ಏನಾಗುತ್ತದೆ ನೋಡೋಣ. ಮೊದಲು 187655 ಹುಡುಕುತ್ತದೆ, ಪಟ್ಟಿಯಲ್ಲಿಲ್ಲ. 18765 ಇಲ್ಲ. 1876 ಇದೆ, ಜಮೈಕಾ, ಮುಗಿಯಿತು. 1ರವರೆಗೆ ಇಳಿಯಲೇ ಇಲ್ಲ. ಇನ್ನು 447700900123 ಕೊಡಿ. ಇದು ಇಂಗ್ಲೆಂಡಿನಲ್ಲಿ ಸಿನಿಮಾ, ನಾಟಕಗಳಿಗೆಂದೇ ಮೀಸಲಿಟ್ಟ ಸುಳ್ಳು ನಂಬರ್‌ಗಳ ಗುಂಪಿನದು. 447700 ಇಲ್ಲ, 44770 ಇಲ್ಲ, 4477, 447 ಇಲ್ಲ, 44 ಇದೆ. ಬ್ರಿಟನ್.

"1" ಎದುರಿಗೆ ಸುಮ್ನೆ US ಅಂತ ಬರೆಯದೆ US/CA ಅಂತ ಬರೆದದ್ದು ಬೇಕಂತಲೇ. ಕೆನಡಾದ ಏರಿಯಾ ಕೋಡ್‌ಗಳನ್ನೆಲ್ಲ ಪಟ್ಟಿಗೆ ಸೇರಿಸಿದರೆ ಅದನ್ನೂ ಬೇರೆ ಮಾಡಬಹುದು. ಆದರೆ ಅಲ್ಲಿ ಆಗಾಗ ಹೊಸ ಏರಿಯಾ ಕೋಡ್‌ಗಳು ಬರುತ್ತಲೇ ಇರುತ್ತವೆ. ಹೊಸದೊಂದು ಬಂದ ದಿನ ನಿಮ್ಮ ಹಳೆ ಪಟ್ಟಿ ಅದನ್ನು ಅಮೆರಿಕ ಅಂದುಬಿಡುತ್ತದೆ, ಯಾವ ದೋಷವನ್ನೂ ತೋರಿಸದೆ. ನನ್ನ ಮಟ್ಟಿಗೆ, ಎರಡರಲ್ಲಿ ಒಂದು ಅಂತ ಒಪ್ಪಿಕೊಳ್ಳುವ ಪಟ್ಟಿ ಧೈರ್ಯವಾಗಿ ತಪ್ಪು ಹೇಳುವ ಪಟ್ಟಿಗಿಂತ ವಾಸಿ.

ಪ್ಲಸ್ ಎಲ್ಲಿ ಹೋಯಿತು?

ಇಷ್ಟೆಲ್ಲ ತಿಳಿದು, ಹೊಸ ಪ್ರೋಗ್ರಾಂ ಬರೆದು, ಉಳಿದ ದೇಶಗಳ ಕೋಡ್‌ಗಳನ್ನೂ ಅದರ TABLEಗೆ ಸೇರಿಸಿ, ಪಟ್ಟಿಯನ್ನು ಮತ್ತೆ ಅದಕ್ಕೆ ಕೊಟ್ಟೆ. ಈ ಸಲ ದೋಹಾ, ದುಬೈ, ಮಸ್ಕತ್ ಎಲ್ಲ ಸರಿ ಬಂತು. ಆದರೆ ಕುಂದಾಪುರ ಬಿಟ್ಟು ಎಂದೂ ಹೊರಗೆ ಹೋಗದ ನಮ್ಮ ಗಣಿತದ ಮೇಷ್ಟ್ರು ಶ್ರೀಲಂಕಾದಲ್ಲಿದ್ದರು.

ಅವರ ನಂಬರ್ 9448ರಿಂದ ಶುರು. ಕರ್ನಾಟಕದ ಹಳೇ ಬಿಎಸ್‌ಎನ್‌ಎಲ್ ಸರಣಿ. ಪಟ್ಟಿಯಲ್ಲಿ ಅದನ್ನು ಬರೀ ಹತ್ತು ಅಂಕಿಯಾಗಿ ಬರೆದಿತ್ತು. ನನ್ನ ಪ್ರೋಗ್ರಾಂ ಎಡಗಡೆಯಿಂದ ಓದಿತು, 94 ಸಿಕ್ಕಿತು, ಶ್ರೀಲಂಕಾ ಅಂದಿತು. ಅದೇ ಲೆಕ್ಕದಲ್ಲಿ 9845 ಇದ್ದವರೆಲ್ಲ ಇರಾನಿಗೆ ಹೋಗಿದ್ದರು. 9741 ಇದ್ದವರು ಕತಾರಿಗೆ, 9632 ಇದ್ದವರು ಸಿರಿಯಾಕ್ಕೆ. ಬೆಂಗಳೂರಿನ ಅರ್ಧ ಊರು ಒಂದು ರಾತ್ರಿಯಲ್ಲಿ ಗಡಿ ದಾಟಿದಂತಾಗಿತ್ತು. 92ರಿಂದ ಶುರುವಾಗುವ ಹತ್ತಂಕಿಯ ಮಿಸ್ಡ್ ಕಾಲ್ ನೋಡಿ ಪಾಕಿಸ್ತಾನದ್ದು ಅಂತ ಗಾಬರಿಯಾಗುವವರೂ ಇದೇ ತಪ್ಪು ಮಾಡುತ್ತಾರೆ.

ಇಲ್ಲಿ ಪ್ರೋಗ್ರಾಮಿನ ಲೆಕ್ಕ ತಪ್ಪಲ್ಲ. ಕೇಳಿದ ಪ್ರಶ್ನೆಯೇ ತಪ್ಪು. ದೇಶದ ಕೋಡ್ ಓದುವುದಕ್ಕೆ ಮೊದಲು ಅಲ್ಲಿ ದೇಶದ ಕೋಡ್ ಇದೆ ಅಂತ ಖಾತ್ರಿ ಇರಬೇಕು. ಆ ಖಾತ್ರಿ ಕೊಡುವುದೇ ಪ್ಲಸ್ ಚಿಹ್ನೆ. ಅದು ಅಲಂಕಾರಕ್ಕೆ ಇರುವುದಲ್ಲ; ಮುಂದಿನ ಅಂಕಿಯಿಂದಲೇ ದೇಶದ ಕೋಡ್ ಶುರು ಅಂತ ಅದರ ಅರ್ಥ. ಪ್ಲಸ್ ಇಲ್ಲದ ಹತ್ತಂಕಿ ಬರೆದವರ ಊರಿನ ಭಾಷೆಯಲ್ಲಿದೆ. ಅದನ್ನು ಓದಲು ಬರೆದವರು ಎಲ್ಲಿದ್ದಾರೆ ಅಂತ ಗೊತ್ತಿರಬೇಕು.

ಪ್ಲಸ್ ಹೋಗುವುದು ಹೇಗೆ? ನನ್ನ ಪಟ್ಟಿಯಲ್ಲಿ ಅದನ್ನು ತಿಂದಿದ್ದು ಎಕ್ಸೆಲ್. ಸಾಮಾನ್ಯ ಸೆಲ್‌ನಲ್ಲಿ +974 ಅಂತ ಶುರುಮಾಡಿ, ನಡುವೆ ಜಾಗ ಬಿಡದೆ ಟೈಪ್ ಮಾಡಿದರೆ ಅದನ್ನು ಅದು ಕೂಡಿಸುವ ಚಿಹ್ನೆ ಅಂತ ತಿಳಿದು, ಬರೀ ಸಂಖ್ಯೆ ಉಳಿಸಿಕೊಳ್ಳುತ್ತದೆ. 00974 ಅಂತ ಹಾಕಿದರೆ ಮುಂದಿನ ಸೊನ್ನೆಗಳು ಹೋಗುತ್ತವೆ. ಉದ್ದ ಜಾಸ್ತಿ ಆದರೆ 9.71501E+11 ಅಂತ ತೋರಿಸಿ ಹೆದರಿಸುತ್ತದೆ. ನಂಬರ್ ಹಾಕುವ ಮೊದಲೇ ಆ ಕಾಲಂ ಅನ್ನು Text ಅಂತ ಮಾಡಿಟ್ಟರೆ ಮಾತ್ರ ಬಚಾವ್. ಆಮೇಲೆ ಮಾಡಿದರೆ ಹೋದ ಪ್ಲಸ್ ವಾಪಸ್ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧವೂ ಉಂಟು. ವಾಟ್ಸಾಪಿನ `wa.me` ಲಿಂಕಿನಲ್ಲಿ ಪ್ಲಸ್ ಹಾಕುವುದಿಲ್ಲ, ಆದರೆ ಅಲ್ಲಿರುವುದು ಯಾವಾಗಲೂ ದೇಶದ ಕೋಡ್ ಸಮೇತ ಪೂರ್ತಿ ನಂಬರ್. ಹಾಗಾಗಿ `wa.me/974`… ಅಂತ ಇದ್ದರೆ ಅದು ಕತಾರೇ. ಕಾಗದದ ಮೇಲೆ 974… ಅಂತ ಇದ್ದರೆ ಅದು ಬೆಂಗಳೂರು ಇರಬಹುದು. ಅಂಕಿ ಅದೇ, ಎಲ್ಲಿಂದ ಬಂತು ಅನ್ನುವುದು ಬೇರೆ. ಅದಕ್ಕೇ ನಾನೀಗ ಪಟ್ಟಿಯಲ್ಲಿ ನಂಬರ್ ಎಲ್ಲಿಂದ ಸಿಕ್ಕಿತು ಅಂತ ಇನ್ನೊಂದು ಕಾಲಂ ಇಟ್ಟಿದ್ದೇನೆ.

ಪ್ಲಸ್ ಬದಲು ಸೊನ್ನೆಗಳನ್ನು ಬರೆಯುವವರೂ ಇದ್ದಾರೆ. ಭಾರತ ಮತ್ತು ಗಲ್ಫ್‌ನಿಂದ ಹೊರದೇಶಕ್ಕೆ ಡಯಲ್ ಮಾಡಲು 00 ಒತ್ತುತ್ತಾರೆ. ಹಾಗಾಗಿ ನಮ್ಮ ಕಡೆಯ ಪಟ್ಟಿಯಲ್ಲಿ 00 ಕಂಡರೆ ಪ್ಲಸ್ ಅಂತ ಓದಿಕೊಳ್ಳಬಹುದು. ಅಮೆರಿಕದಲ್ಲಿರುವವರು 011 ಒತ್ತುತ್ತಾರೆ. ಆಸ್ಟ್ರೇಲಿಯಾದಲ್ಲಿ 0011. ಅಮೆರಿಕದಲ್ಲಿರುವ ಒಬ್ಬರು ಕಳಿಸಿದ ಪಟ್ಟಿಯಲ್ಲಿ ಊರಿನವರ ನಂಬರ್‌ಗಳೆಲ್ಲ 011 91 9845… ಅಂತ ಇದ್ದವು. ನಮ್ಮ ದೇಶದಲ್ಲಿ 011 ಅಂದರೆ ದೆಹಲಿಯ ಎಸ್‌ಟಿಡಿ ಕೋಡ್! ಇಲ್ಲಿ ಮಾತ್ರ ಉದ್ದ ಕಾಪಾಡಿತು. ದೆಹಲಿಯ ಲ್ಯಾಂಡ್‌ಲೈನ್ 011 ಸೇರಿ ಹನ್ನೊಂದು ಅಂಕಿ. ಇದು ಹದಿನೈದು ಅಂಕಿ.

ಉದ್ದ ಸಾಕ್ಷಿ ಹೇಳಬಹುದು, ತೀರ್ಪು ಕೊಡಲಾರದು

ಹಾಗಂತ ಉದ್ದವನ್ನು ಪೂರ್ತಿ ಬಿಟ್ಟುಬಿಡಬೇಕಿಲ್ಲ. ಎಡಗಡೆಯಿಂದ ಓದಿ ಒಂದು ಊಹೆಗೆ ಬಂದ ಮೇಲೆ, ಅದು ಸರಿಯೇ ಅಂತ ಕೇಳಲು ಉದ್ದವೇ ಒಳ್ಳೆಯ ಸಾಕ್ಷಿ. ಮೇಷ್ಟ್ರ 9448 ನೋಡಿ. ಶ್ರೀಲಂಕಾ ಅಂತ ಇಟ್ಟುಕೊಂಡರೆ 94 ಕಳೆದು ಎಂಟು ಅಂಕಿ ಉಳಿಯುತ್ತದೆ. ಶ್ರೀಲಂಕಾಕ್ಕೆ ಒಂಬತ್ತು ಬೇಕು. ಸಾಲದು. 9845 ಇರಾನ್ ಆಗಬೇಕಾದರೆ 98ರ ನಂತರ ಹತ್ತು ಬೇಕು, ಇರುವುದು ಎಂಟು. 9741 ಕತಾರ್ ಆಗಬೇಕಾದರೆ 974ರ ನಂತರ ಎಂಟು ಬೇಕು, ಇರುವುದು ಏಳು. ಮೂರೂ ಬಿದ್ದುಹೋದವು. ಹತ್ತಂಕಿಯ ಭಾರತದ ನಂಬರ್ ಅಂತ ಓದಿದರೆ ಮೂರೂ ಸರಿಹೊಂದುತ್ತವೆ.

91ರ ವಿಷಯದಲ್ಲಿ ಇದು ಇನ್ನೂ ಮುಖ್ಯ. ನಮ್ಮಲ್ಲಿ 9164ರಿಂದ ಶುರುವಾಗುವ ಮೊಬೈಲ್‌ಗಳಿವೆ. ಮುಂದೆ 91 ಇದ್ದರೆ ಕಿತ್ತುಹಾಕು ಅಂತ ಬರೆದ ಪ್ರೋಗ್ರಾಂ ಅವರ ನಂಬರಿನ ಮೊದಲ ಎರಡಂಕಿಯನ್ನೇ ತಿಂದು, 64ರಿಂದ ಶುರುವಾಗುವ ಎಂಟಂಕಿಯ ತುಂಡನ್ನು ಉಳಿಸುತ್ತದೆ. ಆ ಮನುಷ್ಯನಿಗೆ ಯಾವ ಎಸ್‌ಎಂಎಸ್ ಕೂಡ ತಲುಪುವುದಿಲ್ಲ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೀಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಇದ್ದ ಹಾಗೇ ಇದು ಸರಿಯಾದ ಭಾರತದ ನಂಬರ್ ಆಗುತ್ತದೆಯೇ? 91 ತೆಗೆದ ಮೇಲೆ ಉಳಿದದ್ದು ಸರಿಯಾದ ನಂಬರ್ ಆಗುತ್ತದೆಯೇ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಅಂತ ಬಂದರೆ ಮಾತ್ರ ಕೈ ಹಾಕಬೇಕು. ಗೂಗಲ್‌ನ `libphonenumber` ಅನ್ನುವ ಉಚಿತ ಲೈಬ್ರರಿ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ಪೈಥಾನ್‌ನಲ್ಲಿ ಅದರ ಹೆಸರು `phonenumbers`:

```python
import phonenumbers

n = phonenumbers.parse(text, "IN")
phonenumbers.region_code_for_number(n)
```

ಆ "IN" ಅನ್ನುವುದೇ ಮುಖ್ಯ. ಪ್ಲಸ್ ಇಲ್ಲದಿದ್ದರೆ ಇದನ್ನು ಭಾರತದಲ್ಲಿ ಬರೆದದ್ದು ಅಂತ ತಿಳಿ ಅಂತ ನಾವು ಅದಕ್ಕೆ ಹೇಳುತ್ತಿದ್ದೇವೆ. ದುಬೈಯಿಂದ ಬಂದ ಪಟ್ಟಿಗೆ ಅಲ್ಲಿ "AE" ಹಾಕಬೇಕು. ಎಲ್ಲದಕ್ಕೂ "IN" ಹಾಕಿಬಿಟ್ಟು ಲೈಬ್ರರಿ ಸರಿ ಇಲ್ಲ ಅಂತ ಬೈಯುವವರನ್ನು ನೋಡಿದ್ದೇನೆ. ಮೊದಲ ದಿನ ನಾನೂ ಬೈದಿದ್ದೆ.

ಉದ್ದದ ಸಾಕ್ಷಿ ಕೈಕೊಡುವ ಜಾಗವೂ ಇದೆ, ಅದು ನಮ್ಮ ಸಿಂಗಾಪುರದ ಗೆಳೆಯನದ್ದೇ. ಅಲ್ಲಿನ ಕೋಡ್ 65, ಮೊಬೈಲ್ ಎಂಟಂಕಿ, 8 ಅಥವಾ 9ರಿಂದ ಶುರು. ಎಲ್ಲ ಸೇರಿ ಹತ್ತಂಕಿ. ಪ್ಲಸ್ ಕಳೆದುಹೋದರೆ 659xxxxxxx ಅಂತ ಉಳಿಯುತ್ತದೆ. ನಮ್ಮಲ್ಲಿ ಈಗ 6ರಿಂದಲೂ ಮೊಬೈಲ್‌ಗಳು ಶುರುವಾಗುತ್ತವೆ, 6360 ಇದ್ದ ಹಾಗೆ. ಕಣ್ಣಿಗೆ ಎರಡೂ ಒಂದೇ. ಎಡಗಡೆಯಿಂದ ಓದಿದರೂ ಸಿಂಗಾಪುರ ಸರಿ, ಉದ್ದ ನೋಡಿದರೂ ಸರಿ. ಹತ್ತಂಕಿಯ ಲೆಕ್ಕಕ್ಕೆ ಭಾರತವೂ ಸರಿ. ಆಕ್ಲೆಂಡಿನವಳದ್ದು 64 21 ಆದ ಮೇಲೆ ಆರೇ ಅಂಕಿ ಇದ್ದರೆ ಅವಳಿಗೂ ಇದೇ ಗತಿ. ಇಂಥ ಸಾಲಿಗೆ ಯಾವ ಜಾಣ ಪ್ರೋಗ್ರಾಮೂ ಉತ್ತರ ಕೊಡಲಾರದು. ಕೊಟ್ಟರೆ ಅದು ಊಹೆ. ನಾನು ಆ ಸೆಲ್‌ಗಳಿಗೆ ಹಳದಿ ಬಣ್ಣ ಹಚ್ಚಿ, ಅವರವರನ್ನೇ ಕೇಳಿ ತುಂಬಿಸಿದೆ.

ಇನ್ನೊಂದು ವಿಷಯ, ದೇಶಗಳು ಉದ್ದವನ್ನು ಬದಲಾಯಿಸುತ್ತಲೂ ಇರುತ್ತವೆ. ಆಫ್ರಿಕಾದ ಐವರಿ ಕೋಸ್ಟ್ 2021ರ ಜನವರಿ 31ರಂದು ಎಂಟಂಕಿಯಿಂದ ಹತ್ತಂಕಿಗೆ ಹೋಯಿತು. ಕೋಡ್ 225 ಹಾಗೇ ಇದೆ. ಎಡಗಡೆಯಿಂದ ಓದುವವರಿಗೆ ಏನೂ ಆಗಲಿಲ್ಲ. ಉದ್ದವನ್ನು ಕಲ್ಲಿನ ಮೇಲೆ ಕೆತ್ತಿಟ್ಟುಕೊಂಡವರ ಪ್ರೋಗ್ರಾಂ ಮಾತ್ರ ಅಲ್ಲಿನ ಸರಿಯಾದ ನಂಬರ್‌ಗಳನ್ನೆಲ್ಲ ತಪ್ಪು ಅಂದಿರುತ್ತದೆ.

ಒಂದು ಸಾಲನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ತೋರಿಸುತ್ತೇನೆ. ದುಬೈಯ ಒಬ್ಬರು ಹೀಗೆ ಬರೆದಿದ್ದರು: 00971 (0)50-xxx xxxx. ಮೊದಲು ಜಾಗ, ಗೆರೆ, ಕಂಸಗಳನ್ನು ತೆಗೆದೆ. ಮುಂದಿನ 00 ಅನ್ನು ಪ್ಲಸ್ ಮಾಡಿದೆ. ಎಡಗಡೆಯಿಂದ 9, 97, 971, ಯುಎಇ. ಉಳಿದದ್ದು 050xxxxxxx, ಹತ್ತಂಕಿ. ಯುಎಇ ಮೊಬೈಲಿಗೆ ಒಂಬತ್ತು ಸಾಕು. ಒಂದು ಜಾಸ್ತಿ ಇದೆ, ಅದು ಆ ಸೊನ್ನೆ. ದೇಶದೊಳಗೇ ಡಯಲ್ ಮಾಡುವಾಗ ಮುಂದೆ ಒತ್ತುವ ಸೊನ್ನೆ ಅದು, ನಮ್ಮ ಎಸ್‌ಟಿಡಿ ಸೊನ್ನೆಯ ಹಾಗೆ. ದೇಶದ ಕೋಡ್ ಬಂದ ಮೇಲೆ ಅದು ಇರಬಾರದು. ತೆಗೆದರೆ 50xxxxxxx, ಒಂಬತ್ತು, ಸರಿಹೋಯಿತು. ಎಲ್ಲ ಕಡೆ ಹೀಗೆ ಕಣ್ಣುಮುಚ್ಚಿ ಸೊನ್ನೆ ತೆಗೆಯಬೇಡಿ. ಇಟಲಿಯ ಲ್ಯಾಂಡ್‌ಲೈನ್‌ಗಳಲ್ಲಿ +39ರ ನಂತರ ಸೊನ್ನೆ ಉಳಿಯಲೇಬೇಕು, ತೆಗೆದರೆ ಕರೆ ಹೋಗುವುದಿಲ್ಲ.

ಕೋಡ್ ಸರಿಯಾಗಿ ಓದಿದ ಮೇಲೂ ಮೋಸ ಹೋಗುವ ಒಂದು ಪ್ರಸಂಗ ಕೊಸೊವೊದ್ದು. 2016ರ ಕೊನೆಗೆ ಅದಕ್ಕೆ 383 ಅನ್ನುವ ಸ್ವಂತ ಕೋಡ್ ಸಿಕ್ಕಿತು. ಅದಕ್ಕೂ ಮೊದಲು ಅಲ್ಲಿನ ಮೊಬೈಲ್ ಕಂಪನಿಗಳು ಮೊನಾಕೊದ 377 ಮತ್ತು ಸ್ಲೊವೇನಿಯಾದ 386ರೊಳಗೆ ಬಾಡಿಗೆಗಿದ್ದ ಹಾಗೆ ನಂಬರ್ ಕೊಡುತ್ತಿದ್ದವು. ಹಳೆಯ ಪಟ್ಟಿಯಲ್ಲಿ +377 44 ಅಂತ ಇದ್ದರೆ ಅದು ಮೊನಾಕೊ ಅಲ್ಲ, ಕೊಸೊವೊ. ನಂಬರ್ ಯಾವ ವರ್ಷದ್ದು ಅಂತ ತಿಳಿಯದೆ ಹೇಳುವ ಹಾಗಿಲ್ಲ.

ಕೊನೆಗೆ ನನ್ನ ಪಟ್ಟಿ ಪೂರ್ತಿ ಆಯಿತು. ಹಳದಿ ಸೆಲ್ ಒಂದೂ ಉಳಿಯಲಿಲ್ಲ. ಭಾರತ ಅಂತ ಬಂದ ಒಬ್ಬನಿಗೆ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿದೆ. +91, 9845, ಉದ್ದ ಹತ್ತು, ಎಲ್ಲ ಅಚ್ಚುಕಟ್ಟು. ಆ ಕಡೆಯಿಂದ ನಿದ್ದೆಗಣ್ಣಿನ ದನಿ ಬಂತು. "ಮಾರಾಯ, ಇಲ್ಲಿ ಇನ್ನೂ ಐದೂವರೆ. ನಾನು ಮಸ್ಕತ್ತಿನಲ್ಲಿದ್ದೇನೆ. ಬ್ಯಾಂಕಿನ ಓಟಿಪಿ ಬರಲಿ ಅಂತ ಹಳೇ ಸಿಮ್ ಇಟ್ಟುಕೊಂಡಿದ್ದೇನೆ ಅಷ್ಟೆ."